ಸ್ಕ್ರೂ ಹಿಡಿಯದ ಮರದ ತೂತನ್ನು ಸರಿಪಡಿಸುವ ಕ್ರಮ: ಸಿಬಿರು ಮತ್ತು ಡೋವೆಲ್ ವಿಧಾನಗಳ ಸಮಗ್ರ ಮಾರ್ಗದರ್ಶಿ

ತೂತಿಗೆ ಅಂಟು ಸುರಿದು, ನಾಲ್ಕು ಬೆಂಕಿಕಡ್ಡಿ ತುರುಕಿ, ಅದೇ ಸ್ಕ್ರೂವನ್ನು ಮತ್ತೆ ಬಿಗಿದೆ, ಆದರೆ ಒಂದು ತಿಂಗಳೂ ನಿಲ್ಲಲಿಲ್ಲ ಎಂಬ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಹೀಗೆ ಹೇಳುವವರಲ್ಲಿ ಹೆಚ್ಚಿನವರು ಬಳಸಿದ ಸಾಮಗ್ರಿಯಲ್ಲಿ ತಪ್ಪಿರುವುದಿಲ್ಲ. ತಪ್ಪಿರುವುದು ಕೆಲಸದ ಕ್ರಮದಲ್ಲಿ. ತೂತನ್ನು ಪರೀಕ್ಷಿಸದೆ ತುಂಬುವುದು, ತುಂಬಿದ್ದು ಒಣಗುವ ಮೊದಲೇ ಸ್ಕ್ರೂ ಹಾಕುವುದು, ಒಣಗಿದ ಮೇಲೆ ಪೈಲಟ್ ತೂತು, ಅಂದರೆ ಸ್ಕ್ರೂಗೆ ದಾರಿ ಮಾಡಿಕೊಡುವ ಸಣ್ಣ ತೂತು, ಕೊರೆಯದೆ ಬಿಗಿಯುವುದು, ಈ ಮೂರರಲ್ಲಿ ಒಂದು ನಡೆದಿದ್ದರೂ ರಿಪೇರಿ ಉಳಿಯುವುದಿಲ್ಲ.

ಈ ಬರಹದಲ್ಲಿ ಒಂದೇ ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದು ಹೋಗುತ್ತೇನೆ. ಗಟ್ಟಿಮರದ ಚೌಕಟ್ಟಿಗೆ ಮೂರು ಹಿಂಜುಗಳ ಮೇಲೆ ಕೂರಿಸಿದ ಒಳಕೋಣೆಯ ಬಾಗಿಲು. ಮೇಲಿನ ಹಿಂಜನ್ನು ಚೌಕಟ್ಟಿಗೆ ಹಿಡಿದಿರುವ ಮೂರು ಸ್ಕ್ರೂಗಳು 4 ಮಿ.ಮೀ. ದಪ್ಪ, 30 ಮಿ.ಮೀ. ಉದ್ದದವು. ಅವುಗಳಲ್ಲಿ ಕೆಳಗಿನದು ಗಟ್ಟಿಯಾಗಿದೆ, ನಡುವಿನದು ಸುಮ್ಮನೆ ತಿರುಗುತ್ತದೆ, ಮೇಲಿನದು ಬೆರಳಿನಿಂದ ಎಳೆದರೂ ಕೈಗೆ ಬರುತ್ತದೆ. ಬಾಗಿಲಿನ ಮೇಲಿನ ಮೂಲೆ ಹಿಡಿಕೆಯ ಕಡೆಗೆ ವಾಲಿ ಚೌಕಟ್ಟಿಗೆ ಉಜ್ಜುತ್ತಿದೆ. ನಡುವಿನ ತೂತಿಗೆ ಸಿಬಿರುಗಳು ಸಾಕಾಗುತ್ತವೆ, ಮೇಲಿನ ತೂತಿಗೆ ಡೋವೆಲ್, ಅಂದರೆ ದುಂಡಗೆ ಮಾಡಿದ ಮರದ ಕಡ್ಡಿ, ಬೇಕಾಗುತ್ತದೆ. ಎರಡೂ ವಿಧಾನಗಳು ಒಂದೇ ಹಿಂಜಿನಲ್ಲಿ ಬರುವುದರಿಂದ ಈ ಉದಾಹರಣೆಯನ್ನು ಆರಿಸಿಕೊಂಡಿದ್ದೇನೆ.

## ಸ್ಕ್ರೂ ಏಕೆ ಹಿಡಿತ ಕಳೆದುಕೊಳ್ಳುತ್ತದೆ

ಸ್ಕ್ರೂವಿನ ಥ್ರೆಡ್ ಮರದ ನಾರುಗಳ ನಡುವೆ ಸುರುಳಿಯಾಗಿ ಕೊರೆದುಕೊಂಡು ಹೋಗುತ್ತದೆ, ಮತ್ತು ಎರಡು ಸುತ್ತುಗಳ ನಡುವೆ ಸಿಕ್ಕಿಕೊಂಡ ತೆಳ್ಳಗಿನ ಮರವೇ ಇಡೀ ಭಾರವನ್ನು ಹೊರುತ್ತದೆ. ತಲೆ ಕುಳಿತ ಮೇಲೂ ಸ್ಕ್ರೂವನ್ನು ತಿರುಗಿಸುತ್ತಲೇ ಹೋದರೆ, ಮುಂದೆ ಹೋಗಲಾಗದ ಥ್ರೆಡ್ ಆ ತೆಳ್ಳಗಿನ ಮರವನ್ನು ಕತ್ತರಿಸಿ ಪುಡಿ ಮಾಡುತ್ತದೆ. ಆಮೇಲೆ ಉಳಿಯುವುದು ಸ್ಕ್ರೂವಿನ ಹೊರಅಳತೆಯಷ್ಟೇ ಅಗಲದ, ನುಣುಪು ಗೋಡೆಯ ಒಂದು ತೂತು. ಅಲ್ಲಿ ಥ್ರೆಡ್‌ಗೆ ಕಚ್ಚಲು ಏನೂ ಇರುವುದಿಲ್ಲ.

ಬಾಗಿಲಿನ ಮೇಲಿನ ಹಿಂಜಿನಲ್ಲಿ ಇದರ ಜೊತೆಗೆ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ. ಬಾಗಿಲಿನ ತೂಕ ಕೆಳಗಿನ ಹಿಂಜನ್ನು ಚೌಕಟ್ಟಿನ ಕಡೆಗೆ ಒತ್ತುತ್ತದೆ, ಮೇಲಿನ ಹಿಂಜನ್ನು ಚೌಕಟ್ಟಿನಿಂದ ಹೊರಕ್ಕೆ ಎಳೆಯುತ್ತದೆ. ಆದ್ದರಿಂದ ಸಾಮಾನ್ಯವಾಗಿ ಮೊದಲು ಸೋಲುವುದು ಮೇಲಿನ ಹಿಂಜಿನ ಸ್ಕ್ರೂಗಳೇ. ಒಂದು ಸ್ಕ್ರೂ ಸಡಿಲವಾದರೆ ಉಳಿದೆರಡರ ಮೇಲೆ ಭಾರ ಬೀಳುತ್ತದೆ. ಸಡಿಲವಾದ ಸ್ಕ್ರೂ ಬಾಗಿಲು ಆಡಿದಷ್ಟು ಸಲವೂ ಅಲುಗಾಡಿ ತೂತಿನ ಬಾಯಿಯನ್ನು ಮೊಟ್ಟೆಯ ಆಕಾರಕ್ಕೆ ಅಗಲಿಸುತ್ತದೆ. ಈ ಆಕಾರವನ್ನು ಗಮನದಲ್ಲಿಡಿ, ಏಕೆಂದರೆ ಯಾವ ವಿಧಾನ ಬೇಕು ಎಂಬುದನ್ನು ಅದೇ ಹೇಳುತ್ತದೆ.

## ಬೇಕಾಗುವ ಸಾಮಾನು

ಎರಡೂ ವಿಧಾನಗಳಿಗೆ ಬಿಳಿಯ ಅಥವಾ ಹಳದಿ ಮರದ ಅಂಟು, ಕೈಯಿಂದ ತಿರುಗಿಸುವ ಸ್ಕ್ರೂ ಡ್ರೈವರ್, ಚೂಪಾದ ಉಳಿ, ದಬ್ಬಣ, ಡ್ರಿಲ್, 2.5 ಮತ್ತು 3 ಮಿ.ಮೀ. ಬಿಟ್‌ಗಳು, ಹಗುರವಾದ ಸುತ್ತಿಗೆ ಅಥವಾ ಕೊಡತಿ, ಒಂದು ಒದ್ದೆ ಬಟ್ಟೆ, ಮೇಣದ ಬತ್ತಿಯ ತುಂಡು ಮತ್ತು ಬಾಗಿಲಿನ ಕೆಳಗೆ ಕೊಡಲು ಎರಡು ಬೆಣೆಗಳು ಬೇಕು. ಸಿಬಿರು ವಿಧಾನಕ್ಕೆ ನೇರ ನಾರಿನ ಗಟ್ಟಿಮರದ ತುಂಡೊಂದಿದ್ದರೆ ಸಾಕು, ಅದರಿಂದಲೇ ಸಿಬಿರು ಸೀಳಿಕೊಳ್ಳಬಹುದು. ಡೋವೆಲ್ ವಿಧಾನಕ್ಕೆ 10 ಮಿ.ಮೀ. ದಪ್ಪದ ಗಟ್ಟಿಮರದ ಡೋವೆಲ್, ಅದೇ ಅಳತೆಯ, ನಡುವೆ ಮೊನೆ ಇರುವ ಮರದ ಬಿಟ್, ಸಣ್ಣ ಹಲ್ಲಿನ ಗರಗಸ ಮತ್ತು 4 ಮಿ.ಮೀ. ದಪ್ಪ, 45 ಮಿ.ಮೀ. ಉದ್ದದ ಒಂದು ಸ್ಕ್ರೂ ಬೇಕು.

ಮರದ ಪುಟ್ಟಿಯನ್ನು ಈ ಪಟ್ಟಿಯಲ್ಲಿ ಸೇರಿಸಿಲ್ಲ. ಅದು ಮೇಲ್ಮೈಯ ಗುಳಿ ಮುಚ್ಚಲು ಇರುವ ವಸ್ತು. ಅದರಲ್ಲಿ ಉದ್ದನೆಯ ನಾರುಗಳಿಲ್ಲದ ಕಾರಣ ಎಳೆತಕ್ಕೆ ಸಿಕ್ಕಿದ ಸ್ಕ್ರೂವಿನ ಸುತ್ತ ಅದು ಪುಡಿಯಾಗಿ ಉದುರುತ್ತದೆ. ಅಂಟನ್ನು ಮಾತ್ರ ಸುರಿದು ಒಣಗಲು ಬಿಡುವುದರಿಂದಲೂ ಪ್ರಯೋಜನವಿಲ್ಲ. ಬಿಳಿ ಅಂಟು ನೀರು ಆರಿದಂತೆ ಕುಗ್ಗುತ್ತದೆ; ಅದು ಎರಡು ಮರಗಳನ್ನು ಬೆಸೆಯುತ್ತದೆಯೇ ಹೊರತು ಅವುಗಳ ನಡುವಿನ ಖಾಲಿ ಜಾಗವನ್ನು ತುಂಬುವುದಿಲ್ಲ.

## ಹಂತ 1: ಬಾಗಿಲಿನ ಭಾರವನ್ನು ಇಳಿಸುವುದು

ಹಿಂಜಿನ ಸ್ಕ್ರೂಗಳು ಕಾಣುವಷ್ಟು ಬಾಗಿಲನ್ನು ತೆರೆದು, ಹಿಡಿಕೆಯ ಕಡೆಯ ತುದಿಯ ಕೆಳಗೆ ಎರಡು ಬೆಣೆಗಳನ್ನು ಎದುರುಬದುರಾಗಿ ತಳ್ಳಿ. ಬಾಗಿಲು ಕೂದಲೆಳೆಯಷ್ಟು ಮೇಲೆದ್ದು ನಿಂತಾಗ ಭಾರ ಬೆಣೆಯ ಮೇಲೆ ಬಂದಿದೆ ಎಂದರ್ಥ. ಈ ಹಂತವನ್ನು ಬಿಟ್ಟು ಮೇಲಿನ ಹಿಂಜನ್ನು ಬಿಚ್ಚಿದರೆ ಇಡೀ ತೂಕ ಕೆಳಗಿನ ಎರಡು ಹಿಂಜುಗಳ ಮೇಲೆ ಓರೆಯಾಗಿ ಬಿದ್ದು, ಗಟ್ಟಿಯಾಗಿದ್ದ ಸ್ಕ್ರೂಗಳೂ ಸಡಿಲವಾಗುವ ಅಪಾಯವಿದೆ. ಬಾಗಿಲು ಭಾರವಾಗಿದ್ದರೆ ಇನ್ನೊಬ್ಬರು ಹಿಡಿದುಕೊಂಡಿರುವುದು ಒಳ್ಳೆಯದು.

ಈಗ ಚೌಕಟ್ಟಿನ ಕಡೆಯ ಮೂರು ಸ್ಕ್ರೂಗಳನ್ನು ಬಿಚ್ಚಿ, ಹಿಂಜಿನ ಹಾಳೆಯನ್ನು ಬಾಗಿಲಿನ ಕಡೆಗೆ ಮಡಚಿಡಿ. ಸುಮ್ಮನೆ ತಿರುಗುವ ಸ್ಕ್ರೂ ತಾನಾಗಿ ಹೊರಬರುವುದಿಲ್ಲ. ಹಾಳೆಯ ಹಿಂದೆ ಉಳಿಯ ತುದಿ ಕೊಟ್ಟು ಮೆಲ್ಲಗೆ ಹೊರಕ್ಕೆ ಒತ್ತುತ್ತಾ ತಿರುಗಿಸಿದರೆ ಅದು ಬರುತ್ತದೆ. ಬಿಚ್ಚಿದ ಸ್ಕ್ರೂಗಳು ಯಾವ ತೂತಿನವು ಎಂದು ಗುರುತಿಟ್ಟುಕೊಳ್ಳಿ. ಅವುಗಳ ಥ್ರೆಡ್‌ನಲ್ಲಿ ಸಿಕ್ಕಿಕೊಂಡಿರುವುದನ್ನು ಮುಂದಿನ ಹಂತದಲ್ಲಿ ನೋಡಬೇಕಾಗುತ್ತದೆ.

## ಹಂತ 2: ತೂತನ್ನು ಪರೀಕ್ಷಿಸಿ ವಿಧಾನವನ್ನು ನಿರ್ಧರಿಸುವುದು

ಮೊದಲು ಮರ ಆರೋಗ್ಯವಾಗಿದೆಯೇ ಎಂದು ತಿಳಿಯಬೇಕು. ದಬ್ಬಣದ ಮೊನೆಯನ್ನು ತೂತಿನ ಸುತ್ತ ಮೂರು ನಾಲ್ಕು ಕಡೆ ಒತ್ತಿ ನೋಡಿ. ಗಟ್ಟಿ ಮರದಲ್ಲಿ ಅದು ಚುಕ್ಕೆ ಮೂಡಿಸಿ ನಿಲ್ಲುತ್ತದೆ. ಬೆಣ್ಣೆಗೆ ಚುಚ್ಚಿದಂತೆ ಒಳಗೆ ಹೋದರೆ, ಅಥವಾ ಸ್ಕ್ರೂವಿನ ಥ್ರೆಡ್‌ನಲ್ಲಿ ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಕಂದು ಮರ ಬಂದಿದ್ದರೆ, ಮರ ಲಡ್ಡಾಗಿದೆ. ಲಡ್ಡು ಮರಕ್ಕೆ ಅಂಟು ಹಿಡಿದರೂ ಆ ಮರವೇ ಪಕ್ಕದ ಮರವನ್ನು ಬಿಟ್ಟುಬರುವುದರಿಂದ ಇಲ್ಲಿ ಹೇಳುವ ಎರಡೂ ವಿಧಾನಗಳು ಅದಕ್ಕೆ ಆಗುವುದಿಲ್ಲ. ಅಷ್ಟು ಭಾಗವನ್ನು ಕತ್ತರಿಸಿ ತೆಗೆದು ಹೊಸ ತುಂಡು ಕೂರಿಸಬೇಕು. ತೂತಿನ ಸುತ್ತ ಬರಿಯ ಕಪ್ಪು ಕಲೆ ಇದ್ದು ಮರ ಗಟ್ಟಿಯಾಗಿದ್ದರೆ ಹೆದರಬೇಕಿಲ್ಲ. ಕಬ್ಬಿಣದ ಸ್ಕ್ರೂ ತೇವದ ಜೊತೆ ಸೇರಿ ಕೆಲವು ಮರಗಳನ್ನು ಹಾಗೆ ಕಪ್ಪಾಗಿಸುತ್ತದೆ.

ಮುಂದೆ ಬಿರುಕು. ತೂತಿನಿಂದ ನಾರಿನ ದಿಕ್ಕಿನಲ್ಲಿ ಮೇಲಕ್ಕೂ ಕೆಳಕ್ಕೂ ಕೂದಲಿನಂಥ ಗೆರೆ ಓಡಿದ್ದರೆ, ಆ ತೂತಿಗೆ ಏನನ್ನು ಬಡಿದು ತುಂಬಿದರೂ ಬಿರುಕು ಬಾಯಿ ಬಿಡುತ್ತದೆ. ಮೊದಲು ಬಿರುಕಿಗೆ ನೀರು ಬೆರೆಸಿ ತೆಳುವಾಗಿಸದ ಅಂಟನ್ನು ಬ್ಲೇಡಿನಿಂದ ಸೇರಿಸಿ, ಕ್ಲ್ಯಾಂಪ್ ಹಾಕಿ, ಒಂದು ದಿನ ಬಿಟ್ಟು, ಆಮೇಲೆ ತೂತಿನ ಕೆಲಸಕ್ಕೆ ಬರಬೇಕು.

ಮರ ಗಟ್ಟಿಯಾಗಿದೆ, ಬಿರುಕಿಲ್ಲ ಎಂದಾದರೆ ಹಳೆಯ ಸ್ಕ್ರೂವನ್ನು ಕೈಯಿಂದ ತೂತಿಗೆ ಹಾಕಿ ಅಲುಗಾಡಿಸಿ. ತೂತು ಇನ್ನೂ ದುಂಡಗಿದ್ದು, ಸ್ಕ್ರೂ ಜಾರುತ್ತದೆಯಾದರೂ ಅಕ್ಕಪಕ್ಕ ಅಲುಗಾಡದಿದ್ದರೆ ಸಿಬಿರು ವಿಧಾನ ಸಾಕು. ನಮ್ಮ ಉದಾಹರಣೆಯ ನಡುವಿನ ತೂತು ಈ ಬಗೆಯದು. ಸ್ಕ್ರೂ ಅಕ್ಕಪಕ್ಕ ಅಲುಗಾಡಿದರೆ, ಬಾಯಿ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ, ಅಥವಾ ಹಿಂದೆ ಯಾರೋ ಕಡ್ಡಿ ತುಂಬಿ ಅದು ಸೋತಿದ್ದರೆ ಡೋವೆಲ್ ಬೇಕು. ಮೇಲಿನ ತೂತಿನಿಂದ ಹಳೆಯ ಬೆಂಕಿಕಡ್ಡಿಯ ಎರಡು ತುಂಡುಗಳು ಹೊರಬಂದವು. ಒಮ್ಮೆ ಸೋತ ತುಂಬುವಿಕೆಯ ಮೇಲೆ ಇನ್ನೊಮ್ಮೆ ತುಂಬುವುದು ನನ್ನ ಅನುಭವದಲ್ಲಿ ಎಂದೂ ನಿಂತಿಲ್ಲ, ಏಕೆಂದರೆ ತೂತಿನ ಗೋಡೆಗೆ ಮೆತ್ತಿಕೊಂಡ ಒಣ ಅಂಟಿನ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ. ಡೋವೆಲ್‌ಗಾಗಿ ಕೊರೆದಾಗ ಆ ಗೋಡೆಯೇ ಹೊರಟುಹೋಗಿ ಹೊಸ ಮರ ಸಿಗುತ್ತದೆ.

## ಹಂತ 3: ತೂತನ್ನು ಶುಚಿಗೊಳಿಸುವುದು

ತೂತಿನೊಳಗಿನ ಪುಡಿಯನ್ನು ದಬ್ಬಣದಿಂದ ಕೆದಕಿ, ಒಂದು ಸಣ್ಣ ಕೊಳವೆಯಿಂದ ಊದಿ ತೆಗೆಯಿರಿ. ಊದುವಾಗ ಕಣ್ಣು ಮುಚ್ಚಿಕೊಳ್ಳಿ, ಪುಡಿ ನೇರವಾಗಿ ಮುಖಕ್ಕೆ ಬರುತ್ತದೆ. ಅಂಟು ಮರದ ಬದಲು ಪುಡಿಗೆ ಅಂಟಿಕೊಂಡರೆ, ತುಂಬಿದ್ದೆಲ್ಲ ಒಂದೇ ಬಿರಡೆಯಂತೆ ಸ್ಕ್ರೂವಿನ ಜೊತೆ ಹೊರಬರುತ್ತದೆ. ಹಿಂದೆ ಸ್ಕ್ರೂಗೆ ಎಣ್ಣೆ ಹಚ್ಚಿದ್ದರೆ ತೂತಿನ ಗೋಡೆ ಕಪ್ಪಗೆ ಮಿರುಗುತ್ತಿರುತ್ತದೆ. ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯದ ಕಾರಣ ಅಂಥ ತೂತು ದುಂಡಗಿದ್ದರೂ ಅದನ್ನು ಡೋವೆಲ್ ಪಟ್ಟಿಗೆ ಸೇರಿಸಿ.

ಕೊನೆಗೆ ತೆಳ್ಳನೆಯ ಕಡ್ಡಿಯೊಂದನ್ನು ತಳ ಮುಟ್ಟುವವರೆಗೆ ಇಳಿಸಿ ಆಳವನ್ನು ಗುರುತಿಸಿಕೊಳ್ಳಿ. ಇಲ್ಲಿ ನಡುವಿನ ತೂತಿನ ಆಳ 28 ಮಿ.ಮೀ. ಸಿಕ್ಕಿತು.

## ಹಂತ 4: ಸಿಬಿರು ವಿಧಾನ

ಹಲ್ಲುಕಡ್ಡಿ, ಬೆಂಕಿಕಡ್ಡಿ, ಬಿದಿರಿನ ಕಡ್ಡಿ, ಮರದ ಸಿಬಿರು, ಇವುಗಳಲ್ಲಿ ನನ್ನ ಆಯ್ಕೆ ಮರದ ಸಿಬಿರು. ಬೆಂಕಿಕಡ್ಡಿಯ ಮರ ತೀರಾ ಮೆದು, ಸಣ್ಣ ಸ್ಕ್ರೂಗಳಿಗಷ್ಟೇ ಸಾಕು. ಬಳಸುವುದಾದರೆ ಮದ್ದಿನ ತಲೆಯನ್ನು ಕತ್ತರಿಸಿ ಎಸೆಯಬೇಕು. ಬಿದಿರು ಗಟ್ಟಿಯಾದರೂ ಅದರ ಹೊರಸಿಪ್ಪೆಯ ಹೊಳಪಿಗೆ ಅಂಟು ಕೂರುವುದಿಲ್ಲ, ಅದನ್ನು ಮರಳುಕಾಗದದಿಂದ ಉಜ್ಜಿ ತೆಗೆಯಬೇಕು. ಹಲ್ಲುಕಡ್ಡಿಯ ತೊಂದರೆ ಇನ್ನೂ ಸೂಕ್ಷ್ಮವಾದದ್ದು. ಅದರ ತುದಿ ಮೊನಚಾಗಿರುವುದರಿಂದ ಐದಾರು ಕಡ್ಡಿಗಳು ಬಾಯಿಯಲ್ಲಿ ಬಿಗಿಯಾಗಿ ಕುಳಿತು ತೂತು ತುಂಬಿದಂತೆ ಕಾಣುತ್ತವೆ, ಆದರೆ ತಳದಲ್ಲಿ ಮೊನೆಗಳ ಸುತ್ತ ಜಾಗ ಖಾಲಿಯೇ ಇರುತ್ತದೆ. ಹೊಸ ಸ್ಕ್ರೂ ಮೊದಲ ನಾಲ್ಕು ಸುತ್ತು ಗಟ್ಟಿಯಾಗಿ ಹೋಗಿ ಆಮೇಲೆ ಹಗುರಾಗುವುದು ಇದೇ ಕಾರಣಕ್ಕೆ. ಹಲ್ಲುಕಡ್ಡಿಯನ್ನೇ ಬಳಸುವುದಾದರೆ ಎರಡೂ ಮೊನೆಗಳನ್ನು ಕತ್ತರಿಸಿಕೊಳ್ಳಿ.

ಸಿಬಿರುಗಳನ್ನು ಗರಗಸದಿಂದ ಕೊಯ್ಯಬಾರದು, ಉಳಿಯಿಂದ ಸೀಳಬೇಕು. ಸುಮಾರು 40 ಮಿ.ಮೀ. ಉದ್ದದ ತುಂಡನ್ನು ಹಲಗೆಯ ಮೇಲೆ ನಿಲ್ಲಿಸಿ, ಅಂಚಿನಿಂದ 1.5 ರಿಂದ 2 ಮಿ.ಮೀ. ಒಳಗೆ ಉಳಿಯನ್ನು ಇಟ್ಟು ಕೊಡತಿಯಿಂದ ತಟ್ಟಿದರೆ ಮರ ನಾರಿನ ಗುಂಟವೇ ಬಿಟ್ಟುಕೊಳ್ಳುತ್ತದೆ. ಹೀಗೆ ಸೀಳಿದ ಸಿಬಿರಿನಲ್ಲಿ ನಾರು ತುದಿಯಿಂದ ತುದಿಗೆ ಹರಿದಿರುವುದರಿಂದ ಅದು ಒತ್ತಡಕ್ಕೆ ಮುರಿಯುವುದಿಲ್ಲ. ತುಂಡು ನಿಲ್ಲಿಸುವ ಕೈಯನ್ನು ಉಳಿಯ ದಾರಿಯಿಂದ ದೂರವಿಟ್ಟುಕೊಳ್ಳಿ. ತುಂಡು ಚಿಕ್ಕದಾಗಿದ್ದರೆ ಇಕ್ಕಳದಲ್ಲಿ ಹಿಡಿಯುವುದೇ ಕ್ಷೇಮ.

1. ಮೊದಲು ಅಂಟಿಲ್ಲದೆ ತುಂಬಿ ನೋಡಿ. ಒಂದೊಂದಾಗಿ ತಳ ಮುಟ್ಟುವವರೆಗೆ ಇಳಿಸುತ್ತಾ, ಕೊನೆಯದನ್ನು ಬೆರಳಿನಿಂದ ಒತ್ತಿದರೆ ಮಾತ್ರ ಹೋಗುವ ಹಂತ ಬಂದಾಗ ಎಣಿಸಿಕೊಳ್ಳಿ. ನಡುವಿನ ತೂತಿಗೆ ನಾಲ್ಕು ಸಿಬಿರು ಹಿಡಿದವು. ಎಲ್ಲವನ್ನೂ ಹೊರತೆಗೆದು ಪ್ರತಿಯೊಂದರ ಮೇಲೂ 28 ಮಿ.ಮೀ.ಗೆ ಪೆನ್ಸಿಲ್ ಗೆರೆ ಎಳೆಯಿರಿ. ಅಂಟು ಹಾಕಿದ ಮೇಲೆ ಯಾವುದಾದರೂ ಸಿಬಿರು ಅರ್ಧದಲ್ಲೇ ಸಿಕ್ಕಿಕೊಂಡರೆ ಗೆರೆ ಹೊರಗುಳಿದು ಅದನ್ನು ತೋರಿಸಿಕೊಡುತ್ತದೆ.

2. ತೆಳ್ಳನೆಯ ಕಡ್ಡಿಯಿಂದ ತೂತಿನ ಗೋಡೆಗೆ ಸುತ್ತಲೂ ಅಂಟು ಸವರಿ. ತೂತನ್ನು ಅಂಟಿನಿಂದ ತುಂಬಿಸಬೇಡಿ. ತಳದಲ್ಲಿ ನಿಂತ ಅಂಟು ಸಿಬಿರುಗಳನ್ನು ಮೇಲಕ್ಕೆ ತಳ್ಳುತ್ತದೆ, ದಿನಗಟ್ಟಲೆ ಹಸಿಯಾಗಿಯೂ ಉಳಿಯುತ್ತದೆ. ಸಿಬಿರುಗಳನ್ನೂ ಅಂಟಿನಲ್ಲಿ ಹೊರಳಿಸಿ, ಮೊದಲಿನ ಎಣಿಕೆಯಂತೆಯೇ ಇಳಿಸಿ.

3. ಕೊನೆಯ ಸಿಬಿರನ್ನು ಉಳಿದವುಗಳ ನಡುವೆ ಇಟ್ಟು ಮೆಲ್ಲಗೆ ತಟ್ಟಿ. ಟೊಳ್ಳಾಗಿ ಕೇಳುತ್ತಿದ್ದ ಸದ್ದು ಗಟ್ಟಿ ಹಲಗೆಗೆ ತಟ್ಟಿದಂತಾದಾಗ ನಿಲ್ಲಿಸಿ. ಇನ್ನೊಂದು ಸಿಬಿರು ಹೋಗುತ್ತದೆ ಎಂಬ ಆಸೆಗೆ ಬಿದ್ದು ಬಡಿದರೆ ಅದು ಬೆಣೆಯಾಗಿ ಚೌಕಟ್ಟನ್ನೇ ಸೀಳುತ್ತದೆ. ತೂತಿನ ಮೇಲೆ ಕೆಳಗೆ ಸಣ್ಣ ಗೆರೆ ಕಾಣಿಸಿಕೊಂಡು ಅದರಲ್ಲಿ ಅಂಟು ಜಿನುಗಿದರೆ ಮಿತಿ ಮೀರಿದೆ ಎಂದು ತಿಳಿದು, ತಕ್ಷಣ ಒಂದು ಸಿಬಿರನ್ನು ಕಿತ್ತು ತೆಗೆಯಿರಿ.

4. ಹೊರಗೆ ಉಳಿದ ತುದಿಗಳನ್ನು ಹಸಿಯಿರುವಾಗ ಮುರಿಯಬೇಡಿ. ಮುರಿದಾಗ ನಾರು ತೂತಿನೊಳಗಿನಿಂದಲೇ ಎದ್ದುಬಂದು ಬಾಯಿಯಲ್ಲಿ ಗುಳಿ ಬೀಳುತ್ತದೆ. ಹೊರಬಂದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹಾಗೆಯೇ ಬಿಡಿ.

## ಹಂತ 5: ಡೋವೆಲ್ ವಿಧಾನ

ಡೋವೆಲ್‌ನ ದಪ್ಪ ಸ್ಕ್ರೂವಿನ ದಪ್ಪದ ಎರಡು ಪಟ್ಟಿಗಿಂತ ಕಡಿಮೆ ಇರಬಾರದು. ಇಲ್ಲದಿದ್ದರೆ ಸ್ಕ್ರೂ ಹೋದಾಗ ಅದು ಒಳಗೇ ಸೀಳಿಹೋಗುತ್ತದೆ. 4 ಮಿ.ಮೀ. ಸ್ಕ್ರೂಗೆ 8 ಮಿ.ಮೀ. ಸಾಕಾದರೂ, ಮೇಲಿನ ತೂತಿನ ಬಾಯಿ ಉದ್ದಕ್ಕೆ 7 ಮಿ.ಮೀ. ಆಗಿದ್ದುದರಿಂದ, ಅದನ್ನು ಪೂರ್ತಿಯಾಗಿ ನುಂಗಿ ಸುತ್ತಲೂ ಹೊಸ ಮರ ಕೊಡುವ 10 ಮಿ.ಮೀ. ಆರಿಸಿಕೊಂಡೆ. ಚೌಕಟ್ಟಿನ ಅಂಚಿಗೂ ಹೊಸ ತೂತಿನ ಅಂಚಿಗೂ ನಡುವೆ ಕನಿಷ್ಠ ಡೋವೆಲ್ ದಪ್ಪದಷ್ಟು ಮರ ಉಳಿಯುತ್ತದೆಯೇ ಎಂದು ಅಳೆದು ನೋಡಿ. ಉಳಿಯದಿದ್ದರೆ 8 ಮಿ.ಮೀ.ಗೆ ಇಳಿಯಬೇಕು.

ಇಲ್ಲಿ ಹಲವರು ಗಮನಿಸದ ಒಂದು ವಿಷಯವಿದೆ. ಡೋವೆಲ್‌ನ ನಾರು ಅದರ ಉದ್ದಕ್ಕೇ ಓಡುತ್ತದೆ, ಸ್ಕ್ರೂ ಕೂಡ ಅದೇ ದಿಕ್ಕಿನಲ್ಲಿ ಒಳಹೋಗುತ್ತದೆ. ಹಾಗಾಗಿ ಥ್ರೆಡ್ ಸುತ್ತುಗಳ ನಡುವೆ ಉಳಿಯುವುದು ಉದ್ದ ನಾರಲ್ಲ, ಕತ್ತರಿಸಿದ ತುಂಡು ನಾರು. ಅದು ಎಳೆತಕ್ಕೆ ಬೇಗ ಬಿಟ್ಟುಕೊಡುತ್ತದೆ. ಮೂಲ ಚೌಕಟ್ಟಿನಲ್ಲಿ ಸ್ಕ್ರೂ ನಾರಿಗೆ ಅಡ್ಡವಾಗಿ ಹೋಗಿ ಇದಕ್ಕಿಂತ ಗಟ್ಟಿಯಾಗಿ ಕಚ್ಚಿತ್ತು. ಈ ಕೊರತೆಯನ್ನು ತುಂಬಲು ಎರಡು ದಾರಿಗಳಿವೆ. ನಾರು ಅಡ್ಡಕ್ಕೆ ಬರುವಂತೆ ಹಲಗೆಯ ಮುಖದಿಂದ ಪ್ಲಗ್ ಕಟರ್‌ನಲ್ಲಿ ದುಂಡು ಬಿರಡೆ ಕತ್ತರಿಸಿ ಬಳಸುವುದು ಒಂದು; ಆ ಉಪಕರಣ ಇದ್ದವರಿಗೆ ಅದೇ ಉತ್ತಮ. ಇನ್ನೊಂದು, ಡೋವೆಲ್ ಅನ್ನು ಹಳೆಯ ತೂತಿನ ಆಳಕ್ಕಷ್ಟೇ ಕೂರಿಸಿ, ಅದನ್ನು ದಾಟಿ ಹಿಂದಿನ ಹೊಸ ಮರವನ್ನು ಕಚ್ಚುವಷ್ಟು ಉದ್ದದ ಸ್ಕ್ರೂ ಹಾಕುವುದು. ನಾನು ಇಲ್ಲಿ ಹಿಡಿದದ್ದು ಎರಡನೆಯದನ್ನು: ಡೋವೆಲ್ 30 ಮಿ.ಮೀ. ಆಳ, ಸ್ಕ್ರೂ 45 ಮಿ.ಮೀ. ಉದ್ದ. ಹಿಂಜಿನ ದಪ್ಪ ಕಳೆದರೂ 12 ಮಿ.ಮೀ.ನಷ್ಟು ಥ್ರೆಡ್ ಹೊಸ ಮರದಲ್ಲಿರುತ್ತದೆ. ಚೌಕಟ್ಟು ಅಷ್ಟು ದಪ್ಪವಿದೆಯೇ ಎಂದು ಮೊದಲೇ ಅಳೆದುಕೊಳ್ಳಬೇಕು.

1. ಮೊನೆಯ ಬಿಟ್‌ಗೆ ಊರಿಕೊಳ್ಳಲು ಮರ ಬೇಕು, ಹಳೆಯ ತೂತಿನ ನಡುವೆ ಮರವಿಲ್ಲ. ಹಾಗೆಯೇ ಕೊರೆಯಹೊರಟರೆ ಬಿಟ್ ಕುಣಿದು ಪಕ್ಕಕ್ಕೆ ಜಾರುತ್ತದೆ. ಆದ್ದರಿಂದ ತೂತಿಗೆ ಬಿಗಿಯಾಗುವಷ್ಟು ದಪ್ಪದ ಒಂದು ಸಿಬಿರನ್ನು ಅಂಟಿಲ್ಲದೆ ತಟ್ಟಿ ಸಮಕ್ಕೆ ಕತ್ತರಿಸಿ. ಹಿಂಜಿನ ಹಾಳೆಯನ್ನು ಅದರ ಜಾಗದಲ್ಲಿಟ್ಟು, ತೂತಿನ ನಡುವೆ ದಬ್ಬಣದಿಂದ ಚುಕ್ಕೆ ಚುಚ್ಚಿ. ಮೊನೆಯನ್ನು ಆ ಚುಕ್ಕೆಗೆ ಊರಬೇಕು.

2. ಬಿಟ್‌ನ ತುದಿಯಿಂದ 30 ಮಿ.ಮೀ.ಗೆ ಟೇಪ್ ಸುತ್ತಿ. ಡ್ರಿಲ್ ಅನ್ನು ಚೌಕಟ್ಟಿಗೆ ನೇರವಾಗಿ ಹಿಡಿದು, ಎತ್ತರದ ದಿಕ್ಕಿನಲ್ಲಿ ಒಬ್ಬರು, ಅಗಲದ ದಿಕ್ಕಿನಲ್ಲಿ ಇನ್ನೊಬ್ಬರು ನೋಡಿ ಹೇಳುವಂತೆ ಮಾಡಿದರೆ ಓರೆಯಾಗುವುದಿಲ್ಲ. ಹತ್ತು ಮಿ.ಮೀ. ಕೊರೆದು ಹೊರತೆಗೆದು ಪುಡಿ ಉದುರಿಸಿ ಮತ್ತೆ ಕೊರೆಯಿರಿ.

3. ಡೋವೆಲ್ ಅನ್ನು ಮೊದಲು ರದ್ದಿ ಮರದಲ್ಲಿ ಅದೇ ಬಿಟ್‌ನಿಂದ ಕೊರೆದ ತೂತಿಗೆ ಹಾಕಿ ನೋಡಿ. ಕೈಯಿಂದ ಒತ್ತಿದರೆ ಅರ್ಧ ಹೋಗಿ, ಉಳಿದರ್ಧ ಕೊಡತಿಯ ಹಗುರ ತಟ್ಟುವಿಕೆಗೆ ಹೋದರೆ ಅಳತೆ ಸರಿ. ತಾನಾಗಿ ಜಾರಿ ಇಳಿದರೆ ಬಿಳಿ ಅಂಟು ಆ ಸಂದನ್ನು ತುಂಬಲಾರದು, ಬೇರೆ ಡೋವೆಲ್ ಹುಡುಕಿ. ಬಡಿದೇ ಇಳಿಸಬೇಕಾದಷ್ಟು ಬಿಗಿಯಿದ್ದರೆ ಮರಳುಕಾಗದದಿಂದ ಉಜ್ಜಿ.

4. ನುಣುಪಾದ ಡೋವೆಲ್ ಅನ್ನು ಅಂಟಿರುವ ತೂತಿಗೆ ಬಡಿದರೆ ಅದು ಪಿಸ್ಟನ್‌ನಂತೆ ಅಂಟನ್ನೂ ಗಾಳಿಯನ್ನೂ ತಳಕ್ಕೆ ಒತ್ತುತ್ತದೆ. ಅಂಟಿಗೆ ಹೊರಬರಲು ದಾರಿ ಇಲ್ಲದಿದ್ದರೆ ಒತ್ತಡಕ್ಕೆ ಮರ ಬಿರಿಯುತ್ತದೆ. ಇದನ್ನು ತಪ್ಪಿಸಲು ಡೋವೆಲ್‌ನ ಮೈಯನ್ನು ಇಕ್ಕಳದ ಹಲ್ಲುಗಳಿಂದ ಉದ್ದಕ್ಕೂ ಒತ್ತಿ ಗೀರುಗಳನ್ನು ಮೂಡಿಸಿ, ಅಥವಾ ಗರಗಸದಿಂದ ಉದ್ದಕ್ಕೂ ಒಂದು ಆಳವಿಲ್ಲದ ಕಾಲುವೆ ಕೊರೆಯಿರಿ. ಒಳಹೋಗುವ ತುದಿಯ ಅಂಚನ್ನು ಸ್ವಲ್ಪ ಕೆತ್ತಿ ಇಳಿಜಾರು ಮಾಡಿ.

5. ತೂತಿನ ಗೋಡೆಗೂ ಡೋವೆಲ್‌ಗೂ ಅಂಟು ಸವರಿ, ತಳ ಮುಟ್ಟುವವರೆಗೆ ತಟ್ಟಿ. ತಳ ಮುಟ್ಟಿದಾಗ ಸದ್ದು ಬದಲಾಗುತ್ತದೆ. ಐದಾರು ಮಿ.ಮೀ. ಹೊರಗೆ ಉಳಿಯುವಂತೆ ಡೋವೆಲ್ ಅನ್ನು ಮೊದಲೇ ಕತ್ತರಿಸಿಕೊಂಡಿರಬೇಕು. ಸುತ್ತಲೂ ಅಂಟಿನ ಸಣ್ಣ ಉಂಗುರ ಹೊರಬಂದರೆ ಅಂಟಿನ ಪ್ರಮಾಣ ಸರಿಯಾಗಿದೆ. ಏನೂ ಬಾರದಿದ್ದರೆ ಕಡಿಮೆಯಾಗಿದೆ, ಈಗಲೇ ಕಿತ್ತು ಮತ್ತೆ ಹಚ್ಚಿ.

## ಹಂತ 6: ಕಾಯುವುದು

ಅಂಟಿನ ಡಬ್ಬಿಯ ಮೇಲೆ ಅರ್ಧ ಗಂಟೆ, ಒಂದು ಗಂಟೆ ಎಂದು ಬರೆದಿರುವುದು ಕ್ಲ್ಯಾಂಪ್ ತೆಗೆಯುವ ಸಮಯ, ಭಾರ ಹಾಕುವ ಸಮಯವಲ್ಲ. ತೂತಿನ ಆಳದಲ್ಲಿರುವ ಅಂಟಿಗೆ ಗಾಳಿ ತಾಗುವುದಿಲ್ಲ, ಅದರ ನೀರು ಸುತ್ತಲಿನ ಮರದೊಳಗೆ ಇಂಗಿಯೇ ಹೋಗಬೇಕು. ಆದ್ದರಿಂದ 24 ಗಂಟೆ ಬಿಡಿ. ಮಳೆಗಾಲದ ತೇವವಿದ್ದರೆ ಇನ್ನೂ ಅರ್ಧ ದಿನ ಸೇರಿಸಿ. ಬೆಣೆ ಹಾಗೆಯೇ ಇರಲಿ, ಬಾಗಿಲನ್ನು ಯಾರೂ ಆಡಿಸದಂತೆ ಹೇಳಿಡಿ.

ಅಂಟು ಹಸಿಯಿರುವಾಗಲೇ ಸ್ಕ್ರೂ ಹಾಕಿದರೆ ಅದು ಸಿಬಿರುಗಳನ್ನು ಇನ್ನಷ್ಟು ಒತ್ತಿ ಗಟ್ಟಿ ಮಾಡುತ್ತದೆ ಎಂದು ಹೇಳುವವರಿದ್ದಾರೆ. ಚಿತ್ರ ತೂಗುಹಾಕುವ ಸಣ್ಣ ಕೊಕ್ಕೆಗೆ ಅದು ನಡೆಯಬಹುದು. ಹಿಂಜಿನಲ್ಲಿ ಹಾಗೆ ಮಾಡಿದರೆ ಜಾರುವ ಸಿಬಿರುಗಳು ಥ್ರೆಡ್‌ನೊಂದಿಗೆ ಸುತ್ತಿಕೊಂಡು ತಿರುಗುತ್ತವೆ, ಅಂಟಿನ ನೀರಿಗೆ ಸ್ಕ್ರೂ ತುಕ್ಕೂ ಹಿಡಿಯುತ್ತದೆ.

## ಹಂತ 7: ಸಮಕ್ಕೆ ಕತ್ತರಿಸುವುದು

ಡೋವೆಲ್‌ನ ಸುತ್ತ ತೂತು ಮಾಡಿದ ರಟ್ಟಿನ ತುಂಡೊಂದನ್ನು ಚೌಕಟ್ಟಿಗೆ ಒತ್ತಿ ಹಿಡಿದು ಅದರ ಮೇಲೆ ಗರಗಸ ಓಡಿಸಿದರೆ ಚೌಕಟ್ಟಿನ ಮೇಲೆ ಗೀರು ಬೀಳುವುದಿಲ್ಲ. ಉಳಿದ ರಟ್ಟಿನ ದಪ್ಪದಷ್ಟನ್ನು ಉಳಿಯಿಂದ ಕೆತ್ತಿ. ಒಂದೇ ಬದಿಯಿಂದ ಆಚೆಯವರೆಗೆ ತಳ್ಳಿದರೆ ಆಚೆಯ ಅಂಚು ಹರಿಯುತ್ತದೆ; ಸುತ್ತಲಿನಿಂದ ನಡುವಿನ ಕಡೆಗೆ ಸ್ವಲ್ಪ ಸ್ವಲ್ಪವೇ ಕೆತ್ತಬೇಕು. ಸಿಬಿರುಗಳಿಗೂ ಹೀಗೆಯೇ. ಕೆತ್ತಿದ ಮೇಲೆ ಬೆರಳು ಆಡಿಸಿದರೆ ಏರು ತಿಳಿಯಬಾರದು. ಏರು ಉಳಿದಿದ್ದರೆ ಹಿಂಜಿನ ಹಾಳೆ ಅದರ ಮೇಲೆ ಕುಳಿತು, ಬಾಗಿಲು ಮುಚ್ಚುವಾಗ ಚಿಮ್ಮುತ್ತದೆ.

## ಹಂತ 8: ಪೈಲಟ್ ತೂತು

ಕಷ್ಟಪಟ್ಟು ತುಂಬಿದ ತೂತನ್ನು ಮತ್ತೆ ಕೊರೆಯುವುದೇಕೆ ಎಂದು ಈ ಹಂತವನ್ನು ಬಿಡುವವರು ಬಹಳ. ಕೊರೆಯದೆ ಹಾಕಿದ ಸ್ಕ್ರೂ ಸಿಬಿರುಗಳನ್ನು ಬೇರೆ ಬೇರೆ ಮಾಡಿ, ಅವುಗಳ ಸಂದಿನಲ್ಲಿ ತನಗೆ ತೋಚಿದ ಕಡೆ ಓರೆಯಾಗಿ ಹೋಗುತ್ತದೆ, ಡೋವೆಲ್ ಅನ್ನು ಬೆಣೆಯಂತೆ ಸೀಳುತ್ತದೆ.

ಬಿಟ್‌ನ ಅಳತೆಯನ್ನು ಕಣ್ಣಿನಿಂದಲೇ ನಿರ್ಧರಿಸಬಹುದು. ಸ್ಕ್ರೂವನ್ನು ಬೆಳಕಿಗೆ ಹಿಡಿದು ಅದರ ಮುಂದೆ ಬಿಟ್ ಅನ್ನು ಉದ್ದಕ್ಕೆ ಇಡಿ. ಸ್ಕ್ರೂವಿನ ನಡುವಿನ ದಿಂಡು ಬಿಟ್‌ನ ಹಿಂದೆ ಮರೆಯಾಗಿ, ಎರಡೂ ಬದಿಗೆ ಥ್ರೆಡ್‌ನ ಹಲ್ಲುಗಳು ಪೂರ್ತಿಯಾಗಿ ಕಾಣಬೇಕು. ಹಲ್ಲುಗಳೂ ಮರೆಯಾದರೆ ಬಿಟ್ ದಪ್ಪವಾಯಿತು. 4 ಮಿ.ಮೀ. ಸ್ಕ್ರೂಗೆ ಮೆದುಮರದಲ್ಲಿ 2.5 ಮಿ.ಮೀ., ಗಟ್ಟಿಮರದಲ್ಲಿ 3 ಮಿ.ಮೀ. ಸಾಮಾನ್ಯವಾಗಿ ಹೊಂದುತ್ತದೆ. ಸಿಬಿರು ತುಂಬಿದ ನಡುವಿನ ತೂತಿಗೆ 2.5, ಗಟ್ಟಿಮರದ ಡೋವೆಲ್‌ಗೆ ಮತ್ತು ಅದರ ಹಿಂದಿನ ಚೌಕಟ್ಟಿಗೆ 3 ಬಳಸಿದೆ.

ಹಾಳೆಯನ್ನು ಅದರ ಗುಳಿಯಲ್ಲಿ ಕೂರಿಸಿ, ಗಟ್ಟಿಯಾಗಿರುವ ಕೆಳಗಿನ ಸ್ಕ್ರೂವನ್ನು ಮೊದಲು ಹಾಕಿಕೊಂಡರೆ ಹಾಳೆ ಅಲುಗಾಡುವುದಿಲ್ಲ. ಹಾಗೆ ಹಾಕುವಾಗ ಸ್ಕ್ರೂವನ್ನು ಮೊದಲು ಎಡಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಟಕ್ ಎಂದು ಒಂದು ಚೂರು ಇಳಿದಾಗ ಥ್ರೆಡ್ ತನ್ನ ಹಳೆಯ ದಾರಿಗೆ ಬಿದ್ದಿದೆ, ಅಲ್ಲಿಂದ ಬಲಕ್ಕೆ ತಿರುಗಿಸಬೇಕು. ಇಲ್ಲದಿದ್ದರೆ ಅದು ಹೊಸ ದಾರಿ ಕೊರೆದು, ಉಳಿದಿದ್ದ ಒಂದು ಗಟ್ಟಿ ತೂತೂ ಹೋಗುತ್ತದೆ. ಆಮೇಲೆ ಉಳಿದೆರಡು ತೂತುಗಳ ನಟ್ಟನಡುವೆ ದಬ್ಬಣದಿಂದ ಚುಚ್ಚಿ ಪೈಲಟ್ ಕೊರೆಯಿರಿ. ಪೈಲಟ್ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೂ ಸ್ಕ್ರೂವಿನ ತಲೆ ಹಾಳೆಯ ತೂತಿನ ಒಂದು ಅಂಚಿಗೆ ಒತ್ತಿ, ಇಡೀ ಹಿಂಜನ್ನು ಆ ಕಡೆಗೆ ಎಳೆದುಬಿಡುತ್ತದೆ.

## ಹಂತ 9: ಸ್ಕ್ರೂ ಬಿಗಿಯುವುದು

ಥ್ರೆಡ್ ಅನ್ನು ಮೇಣದ ಬತ್ತಿಗೆ ಉಜ್ಜಿಕೊಳ್ಳಿ. ಸೋಪು ಬೇಡ, ಅದು ತೇವವನ್ನು ಹಿಡಿದಿಟ್ಟುಕೊಂಡು ತುಕ್ಕಿಗೆ ದಾರಿ ಮಾಡುತ್ತದೆ. ಮೊದಲ ಸುತ್ತಿನಿಂದ ಕೊನೆಯವರೆಗೂ ಕೈಯ ಸ್ಕ್ರೂ ಡ್ರೈವರ್ ಬಳಸಿ, ಯಂತ್ರ ಬೇಡ. ಯಂತ್ರದ ವೇಗದಲ್ಲಿ ತಲೆ ಕುಳಿತ ಕ್ಷಣ ಕೈಗೆ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಒಂದು ಸುತ್ತು ಹೆಚ್ಚಾಗಿ, ಎರಡು ದಿನದ ಕೆಲಸ ಹಾಳಾಗಿರುತ್ತದೆ.

ಸರಿಯಾಗಿ ತುಂಬಿದ ತೂತಿನಲ್ಲಿ ಎರಡನೆಯ ಸುತ್ತಿನಿಂದಲೇ ಬಿಗಿ ಸಿಗುತ್ತದೆ, ಮುಂದೆ ಹೋದಂತೆ ಅದು ಒಂದೇ ಸಮನೆ ಏರುತ್ತದೆ. ತಲೆ ಹಾಳೆಗೆ ಕುಳಿತ ಮೇಲೆ ಕಾಲು ಸುತ್ತು ತಿರುಗಿಸಿ ನಿಲ್ಲಿಸಿ. ನಡುವೆ ಬಿಗಿ ಇದ್ದಕ್ಕಿದ್ದಂತೆ ಇಳಿದರೆ ಒಳಗೆ ಖಾಲಿ ಜಾಗವಿದೆ ಎಂದರ್ಥ. ಬಿಗಿ ಏರುವ ಬದಲು ಸ್ಕ್ರೂ ನಿಂತುಬಿಟ್ಟರೆ ಪೈಲಟ್ ಸಣ್ಣದಾಗಿದೆ. ಬಲ ಹಾಕದೆ ಬಿಚ್ಚಿ, ಅರ್ಧ ಮಿ.ಮೀ. ದೊಡ್ಡ ಬಿಟ್‌ನಿಂದ ಮತ್ತೆ ಕೊರೆಯಿರಿ. ತಲೆಯ ಸುತ್ತ ಸಿಬಿರುಗಳು ಅಣಬೆಯಂತೆ ಉಬ್ಬಿ ಬಂದರೆ ತುಂಬಿದ್ದು ತಳಕ್ಕೆ ಅಂಟಿಲ್ಲ, ಮೇಲೆ ಬರುತ್ತಿದೆ. ಆ ತೂತನ್ನು ಡೋವೆಲ್‌ಗೆ ಒಪ್ಪಿಸುವುದೇ ಸರಿ.

ಮೂರೂ ಸ್ಕ್ರೂಗಳು ಕುಳಿತ ಮೇಲೆ ಬೆಣೆಗಳನ್ನು ನಿಧಾನವಾಗಿ ಎಳೆದು ತೆಗೆಯಿರಿ. ಆಗ ಹಿಂಜಿನ ಹಾಳೆಯ ಮೇಲಂಚನ್ನು ನೋಡುತ್ತಿರಿ. ಭಾರ ಬಿದ್ದಾಗ ಅಲ್ಲಿ ಕಾಗದದಷ್ಟೂ ಸಂದು ತೆರೆದುಕೊಳ್ಳಬಾರದು.

## ಈ ವಿಧಾನಗಳು ಎಲ್ಲಿ ಸಾಲವು

ಮಳೆ ಬಿಸಿಲಿಗೆ ತೆರೆದ ಬಾಗಿಲು, ಗೇಟುಗಳಲ್ಲಿ ಸಾಧಾರಣ ಬಿಳಿ ಅಂಟು ನೀರಿಗೆ ಮೆತ್ತಗಾಗಿ ಬಿಡುತ್ತದೆ. ಅಲ್ಲಿ ನೀರು ತಾಳುವ ಮರದ ಅಂಟು ಅಥವಾ ಎರಡು ಭಾಗ ಬೆರೆಸುವ ಇಪಾಕ್ಸಿ ಬೇಕು. ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಗಳಲ್ಲಿ ಸಿಬಿರು ತುಂಬಿದರೆ ಅದು ಹಲಗೆಯನ್ನೇ ಪದರಪದರವಾಗಿ ಉಬ್ಬಿಸುತ್ತದೆ. ಅದಕ್ಕೆ ಡೋವೆಲ್ ಒಂದೇ ದಾರಿ, ಅದೂ ಬಡಿಯದೆ ಕೈಯಿಂದ ಇಳಿಯುವಷ್ಟು ಸಡಿಲವಾಗಿ, ಸಂದನ್ನು ತುಂಬಬಲ್ಲ ಇಪಾಕ್ಸಿಯೊಂದಿಗೆ.

## ಒಂದು ವಾರದ ನಂತರ

ಸ್ಕ್ರೂ ಡ್ರೈವರ್ ಅನ್ನು ಮೂರೂ ತಲೆಗಳಿಗೆ ಇಟ್ಟು, ಬಲ ಹಾಕದೆ ಬರಿಯ ಮಣಿಕಟ್ಟಿನಿಂದ ಬಲಕ್ಕೆ ತಿರುಗಿಸಿ ನೋಡಿ. ಅಲುಗಾಡದಿದ್ದರೆ ಹಾಗೆಯೇ ಬಿಡಿ, ಇನ್ನಷ್ಟು ಬಿಗಿಯುವ ಗೋಜಿಗೆ ಹೋಗಬೇಡಿ. ಒಂದು ಚೂರು ತಿರುಗಿ ಮತ್ತೆ ಬಿಗಿ ಸಿಕ್ಕರೆ ಮರ ಒಣಗಿ ಕುಗ್ಗಿದೆಯಷ್ಟೇ. ಬಿಗಿಯೇ ಸಿಗದೆ ತಿರುಗುತ್ತಾ ಹೋದರೆ ಅದೇ ದಿನ ಬೆಣೆ ಕೊಟ್ಟು, ಆ ಒಂದು ತೂತನ್ನು ಡೋವೆಲ್ ಅಳತೆಗೆ ಕೊರೆದು ಐದನೆಯ ಹಂತದಿಂದ ಮತ್ತೆ ಶುರುಮಾಡಿ. ಬಿಟ್ಟಷ್ಟು ದಿನವೂ ಅದು ಪಕ್ಕದ ಎರಡು ತೂತುಗಳನ್ನು ಸಡಿಲಿಸುತ್ತಿರುತ್ತದೆ.